ರಾತ್ರಿಯಿಡೀ ಉರಿಯುವ ಗೀಸರ್: ಟೈಮರ್‌ನಿಂದ ನಿಜವಾಗಿ ಉಳಿಯುವುದೆಷ್ಟು?

ಯಶವಂತಪುರ ರೈಲು ನಿಲ್ದಾಣದ ಆಸುಪಾಸಿನ ವಸತಿಗೃಹಗಳಲ್ಲಿಯೂ ಆರ್.ಟಿ. ನಗರ, ಹೆಬ್ಬಾಳ, ಯಲಹಂಕಗಳ ಪೇಯಿಂಗ್ ಗೆಸ್ಟ್ ಮನೆಗಳಲ್ಲಿಯೂ ಬೆಳಗಿನ ಬಿಸಿನೀರು ತಡವಾದರೆ ದೂರು ತಪ್ಪಿದ್ದಲ್ಲ. ಈ ಅಂಜಿಕೆಯಿಂದಲೇ ಅನೇಕ ಕಡೆ ಗೀಸರ್‌ನ ಸ್ವಿಚ್ಚನ್ನು ರಾತ್ರಿಯಿಡೀ ಹಾಕಿಯೇ ಬಿಡುವ ರೂಢಿಯಿದೆ. "ನೀರು ಕಾದ ಮೇಲೆ ಥರ್ಮೋಸ್ಟ್ಯಾಟ್ ತಾನಾಗಿಯೇ ವಿದ್ಯುತ್ತನ್ನು ಕಡಿಯುತ್ತದೆಯಲ್ಲವೇ, ನಷ್ಟವೇನು?" ಎಂಬುದು ಸಾಮಾನ್ಯ ಸಮಾಧಾನ. ಅದಕ್ಕೆ ಎದುರಾಗಿ, ಟೈಮರ್ ಹಾಕಿದೊಡನೆ ರಾತ್ರಿಯ ನಷ್ಟವೆಲ್ಲ ಉಳಿಯುತ್ತದೆ ಎನ್ನುವವರೂ ಇದ್ದಾರೆ. ಲೆಕ್ಕ ಹಾಕಿ ನೋಡಿದರೆ ಎರಡು ಮಾತೂ ಪೂರ್ತಿ ಸರಿಯಲ್ಲ.

ಗೀಸರ್‌ನ ತೊಟ್ಟಿಯ ಸುತ್ತ ಶಾಖನಿರೋಧಕ ಪದರವಿದ್ದರೂ ಒಳಗಿನ ಶಾಖ ನಿಧಾನವಾಗಿ ಹೊರಗೆ ಸೋರುತ್ತಲೇ ಇರುತ್ತದೆ. ನೀರಿಗೂ ಸ್ನಾನಗೃಹದ ಗಾಳಿಗೂ ಇರುವ ತಾಪದ ಅಂತರ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ನಕ್ಷತ್ರ ಗುರುತಿನ ಪಟ್ಟಿಯಲ್ಲಿ ಪ್ರತಿ 24 ಗಂಟೆಗೆ ಇಷ್ಟು ಯೂನಿಟ್ ಎಂದು ನಮೂದಾಗಿರುವುದು ಈ ನಷ್ಟವೇ. ಅದನ್ನು 45 ಡಿಗ್ರಿ ಅಂತರದಲ್ಲಿ ಅಳೆದಿರುತ್ತಾರೆ. ನಮ್ಮಲ್ಲಿ ಗೀಸರ್ 60 ಡಿಗ್ರಿಗೆ ಇಟ್ಟಿದ್ದು, ರಾತ್ರಿಯ ಗಾಳಿ 20 ಡಿಗ್ರಿಯಿದ್ದರೆ ಅಂತರ 40 ಆಗುತ್ತದೆ. ಆದ್ದರಿಂದ ಪಟ್ಟಿಯ ಅಂಕಿಯಲ್ಲಿ ಒಂಬತ್ತನೆಯ ಒಂದು ಭಾಗವನ್ನು ಕಳೆದು ಲೆಕ್ಕ ಹಿಡಿಯಬಹುದು.

ಉದಾಹರಣೆಗೆ, 2 ಕಿಲೋವ್ಯಾಟ್‌ನ 25 ಲೀಟರಿನ ಹಳೆಯ ಗೀಸರೊಂದು ದಿನಕ್ಕೆ 1.2 ಯೂನಿಟ್ ಶಾಖ ಸೋರಿಸುತ್ತದೆ ಎಂದಿಟ್ಟುಕೊಳ್ಳೋಣ. ಅಂದರೆ ಸರಾಸರಿ 50 ವ್ಯಾಟ್. ಹಗಲಿರುಳೂ ಉರಿಯುವ ಹಳೆಯ ಕಾಲದ ಸಣ್ಣ ಬಲ್ಬಿನಷ್ಟು. ಉತ್ತಮ ದರ್ಜೆಯ ಹೊಸ ಗೀಸರ್‌ನಲ್ಲಿ ಇದು ಸುಮಾರು ಅರ್ಧಕ್ಕಿಳಿಯಬಹುದು. ತಮ್ಮ ಗೀಸರ್‌ನ ಸ್ಥಿತಿ ತಿಳಿಯಬಯಸುವವರು ನೀರು ಬಳಸದ ರಾತ್ರಿಯಲ್ಲಿ ಅದರ ಸೂಚಕ ದೀಪವನ್ನು ಗಮನಿಸಿದರೆ ಸಾಕು. ನಮ್ಮ ಉದಾಹರಣೆಯ ಗೀಸರ್‌ನಲ್ಲಿ ಥರ್ಮೋಸ್ಟ್ಯಾಟ್ 5 ಡಿಗ್ರಿ ಇಳಿತಕ್ಕೆ ಮತ್ತೆ ಕೂಡಿಕೊಳ್ಳುವುದಾದರೆ, ದೀಪ ಸರಿಸುಮಾರು ಮೂರು ಗಂಟೆಗೊಮ್ಮೆ ನಾಲ್ಕೈದು ನಿಮಿಷ ಹೊತ್ತಿಕೊಳ್ಳಬೇಕು. ಅದಕ್ಕಿಂತ ಬಹಳ ಪದೇ ಪದೇ ಹೊತ್ತಿಕೊಳ್ಳುತ್ತಿದ್ದರೆ ತೊಟ್ಟಿಯನ್ನು ದೂರುವ ಮೊದಲು ಬಿಸಿನೀರಿನ ನಲ್ಲಿ ತೊಟ್ಟಿಕ್ಕುತ್ತಿದೆಯೇ ಎಂದು ನೋಡುವುದು ಒಳ್ಳೆಯದು.

ಈಗ ಟೈಮರ್‌ನ ವಿಚಾರ. ರಾತ್ರಿ 10 ಗಂಟೆಗೆ ತೊಟ್ಟಿಯ ತುಂಬ 60 ಡಿಗ್ರಿಯ ನೀರಿದೆ. ಬೆಳಿಗ್ಗೆ 6ಕ್ಕೆ ಸ್ನಾನ. ಸ್ವಿಚ್ಚನ್ನು ಹಾಕಿಯೇ ಬಿಟ್ಟರೆ ಎಂಟು ಗಂಟೆಗಳಲ್ಲಿ 0.40 ಯೂನಿಟ್ ಸೋರಿಹೋಗುತ್ತದೆ. ಟೈಮರ್ 10ಕ್ಕೇ ವಿದ್ಯುತ್ತನ್ನು ಕಡಿದರೂ ನೀರಿನ ಶಾಖ ಸೋರುವುದು ನಿಲ್ಲುವುದಿಲ್ಲ. ನೀರು ಆರುತ್ತ ಬಂದು ಬೆಳಗಿನ ವೇಳೆಗೆ ಸುಮಾರು 48 ಡಿಗ್ರಿಗೆ ಇಳಿದಿರುತ್ತದೆ. ಅದನ್ನು ಮತ್ತೆ 60ಕ್ಕೆ ಏರಿಸಲು ಹತ್ತು ನಿಮಿಷ, ಅಂದರೆ 0.34 ಯೂನಿಟ್ ಬೇಕು. ನಿವ್ವಳ ಉಳಿತಾಯ ರಾತ್ರಿಗೆ 0.06 ಯೂನಿಟ್ ಮಾತ್ರ! ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ ನೂರೈವತ್ತು ರೂಪಾಯಿಯ ಆಸುಪಾಸು. ಪದೇ ಪದೇ ಆರಿಸಿ ಹೊತ್ತಿಸಿದರೆ ಹೆಚ್ಚು ವಿದ್ಯುತ್ ಬೇಕು ಎಂಬ ನಂಬಿಕೆ ತಪ್ಪೆಂಬುದು ಇದರಿಂದ ತಿಳಿಯುತ್ತದೆ. ಆರಿದ ನೀರು ಕಡಿಮೆ ಶಾಖವನ್ನೇ ಸೋರಿಸುತ್ತದೆ. ಆದರೆ ಉಳಿತಾಯ ಮಾತ್ರ ಟೈಮರ್ ಮಾರುವವರು ಹೇಳುವಷ್ಟಿಲ್ಲ.

ಚಿತ್ರ ಬದಲಾಗುವುದು ತೊಟ್ಟಿ ತಣ್ಣಗಿದ್ದಾಗ. ರಾತ್ರಿಯ ಸ್ನಾನ, ಪಾತ್ರೆ ತೊಳೆಯುವುದು ಎಲ್ಲ ಮುಗಿದು ಬಿಸಿನೀರು ಖಾಲಿಯಾಗಿದೆ, ಅದರ ಜಾಗಕ್ಕೆ ತಣ್ಣೀರು ಬಂದು ತುಂಬಿದೆ ಎನ್ನಿ. ಸ್ವಿಚ್ ಹಾಕಿದ್ದರೆ ಗೀಸರ್ ಆ ನೀರನ್ನು 35 ನಿಮಿಷಗಳಲ್ಲಿ ಕಾಯಿಸಿ, ಯಾರಿಗೂ ಬೇಡದ ಹೊತ್ತಿನಲ್ಲಿ ಏಳು ಗಂಟೆಗೂ ಮೀರಿ ಕಾದಿರಿಸುತ್ತದೆ. ಟೈಮರ್ ಇದ್ದರೆ ತಣ್ಣೀರು ತಣ್ಣೀರಾಗಿಯೇ ಉಳಿಯುತ್ತದೆ, ಸೋರಲು ಶಾಖವೇ ಇರುವುದಿಲ್ಲ, 5.20ಕ್ಕೆ ಕಾಯಿಸತೊಡಗಿದರೆ 6ಕ್ಕೆ ಸಿದ್ಧ. ಕಾಯಿಸುವ ಖರ್ಚು ಎರಡರಲ್ಲಿಯೂ ಒಂದೇ. ಕಾದಿರಿಸುವ ಖರ್ಚು, ರಾತ್ರಿಗೆ ಸುಮಾರು 0.37 ಯೂನಿಟ್, ಪೂರ್ತಿಯಾಗಿ ಉಳಿಯುತ್ತದೆ. ಮೊದಲಿನ ಉಳಿತಾಯದ ಆರು ಪಟ್ಟು.

ಹಾಗಾಗಿ ಟೈಮರ್ ಯಾವಾಗ ಹೊತ್ತಿಸುತ್ತದೆ ಎಂಬುದಕ್ಕಿಂತ ಯಾವಾಗ ಆರಿಸುತ್ತದೆ ಎಂಬುದೇ ಮುಖ್ಯ. ಕೊನೆಯವರ ಸ್ನಾನ ಮುಗಿದ ಮೇಲಲ್ಲ, ಕೊನೆಯವರು ಸ್ನಾನಕ್ಕೆ ಹೊರಡುವ ಹೊತ್ತಿಗೇ ಆರಬೇಕು. ತೊಟ್ಟಿಯಲ್ಲಿರುವ 25 ಲೀಟರ್ ಬಿಸಿನೀರಿಗೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ 50 ಲೀಟರ್, ಅಂದರೆ ಎರಡೂವರೆ ಬಕೆಟ್ ಸಿಗುತ್ತದೆ, ಕೊನೆಯವರಿಗೆ ಧಾರಾಳ. ಬೆಳಿಗ್ಗೆ ಎಲ್ಲರ ಸ್ನಾನ 8ಕ್ಕೆ ಮುಗಿಯುವ ಮನೆಯಲ್ಲಿ ಸ್ವಿಚ್ಚನ್ನು ಮರುದಿನದವರೆಗೂ ಹಾಕಿಯೇ ಬಿಟ್ಟರೆ 21 ಗಂಟೆಗೂ ಹೆಚ್ಚು ಕಾಲ ಶಾಖ ಸೋರಿ 1.07 ಯೂನಿಟ್ ವ್ಯರ್ಥವಾಗುತ್ತದೆ. ತಿಂಗಳಿಗೆ ಅದು 32 ಯೂನಿಟ್. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ತೆರಬೇಕಾಗುವುದರಿಂದ, 215 ಯೂನಿಟ್ ಬಳಸುವ ಮನೆಗೆ ಈ 32 ಸಣ್ಣ ಅಂಕಿಯಲ್ಲ.

ವಸತಿಗೃಹಗಳ ಮಾಲೀಕರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹನ್ನೆರಡು ಕೊಠಡಿಗಳ ವಸತಿಗೃಹವೊಂದರಲ್ಲಿ ಕೊಠಡಿಗೊಂದರಂತೆ ಇದೇ ಗೀಸರ್‌ಗಳಿವೆ ಎಂದುಕೊಳ್ಳಿ. ತಣ್ಣಗಿದ್ದ ತೊಟ್ಟಿಗಳನ್ನು ರಾತ್ರಿ 10ಕ್ಕೆ ಹೊತ್ತಿಸಿಬಿಡುವ ಬದಲು ಟೈಮರ್ ಅಳವಡಿಸಿದರೆ ರಾತ್ರಿಗೆ ಸುಮಾರು 4.4 ಯೂನಿಟ್ ಉಳಿಯುತ್ತದೆ. ಆದರೆ ಎಲ್ಲ ಟೈಮರ್‌ಗಳನ್ನೂ 5.20ಕ್ಕೇ ಹೊಂದಿಸಿದರೆ ಹನ್ನೆರಡೂ ಒಟ್ಟಿಗೆ ಕೂಡಿಕೊಂಡು 24 ಕಿಲೋವ್ಯಾಟ್ ಹೊರೆ ಒಮ್ಮೆಗೇ ಬೀಳುತ್ತದೆ. ಮಂಜೂರಾದ ಹೊರೆಯನ್ನು ಮೀರಿದ ಬೇಡಿಕೆ ಮೀಟರಿನಲ್ಲಿ ದಾಖಲಾದರೆ, ಉಳಿಸಿದ ಯೂನಿಟ್‌ಗಳ ಹಣ ದಂಡದಲ್ಲಿ ಹೋಗಬಹುದು. ನಾಲ್ಕು ನಾಲ್ಕರಂತೆ 4.00, 4.40, 5.20ಕ್ಕೆ ಹೊತ್ತಿಸಿದರೆ ಹೊರೆ 8 ಕಿಲೋವ್ಯಾಟ್ ದಾಟುವುದು ಅಪರೂಪ. ಮೊದಲ ತಂಡದ ನೀರು ಒಂದು ಗಂಟೆ ಇಪ್ಪತ್ತು ನಿಮಿಷ ಮೊದಲೇ ಸಿದ್ಧವಾಗಿ ಕಾಯುವುದರಿಂದ ಆಗುವ ನಷ್ಟ ಗೀಸರ್ ಒಂದಕ್ಕೆ 0.07 ಯೂನಿಟ್ ಮಾತ್ರ. ಇನ್ನು ಖಾಲಿ ಕೊಠಡಿಯ ಗೀಸರಿಗೆ ಟೈಮರ್ ಕೂಡ ಬೇಡ. ಕೊಠಡಿಯ ಬೀಗದ ಕೈ ಮರಳಿ ಬಂದಾಗಲೇ ಅದರ ಸ್ವಿಚ್ಚೂ ಆರಬೇಕು.

ಟೈಮರ್ ಕೊಳ್ಳುವಾಗ ಅದು 16 ಆಂಪಿಯರ್‌ನದೇ ಎಂದು ಖಚಿತಪಡಿಸಿಕೊಳ್ಳಿ. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್, 3 ಕಿಲೋವ್ಯಾಟ್‌ನದು 13 ಆಂಪಿಯರ್ ಎಳೆಯುತ್ತದೆ. ದೀಪಗಳಿಗೆಂದು ಮಾಡಿದ 6 ಆಂಪಿಯರ್ ಟೈಮರ್ ಈ ಕೆಲಸಕ್ಕೆ ಕಾದು ಕರಗೀತು. ಮುಳ್ಳು ತಿರುಗುವ ಅಗ್ಗದ ಟೈಮರ್‌ಗಳಿಗೆ ಇನ್ನೊಂದು ದೋಷವಿದೆ: ವಿದ್ಯುತ್ ಹೋದಾಗ ಅವುಗಳ ಗಡಿಯಾರವೂ ನಿಲ್ಲುತ್ತದೆ. ಮಧ್ಯಾಹ್ನ ಎರಡು ಗಂಟೆ ಕರೆಂಟ್ ಇಲ್ಲದಿದ್ದರೆ ಮರುದಿನ 5.20ರ ಬದಲು 7.20ಕ್ಕೆ ಗೀಸರ್ ಹೊತ್ತಿಕೊಳ್ಳುತ್ತದೆ. ಬೆಳಗಿನ ರೈಲು ಹಿಡಿಯಬೇಕಾದ ಅತಿಥಿ ತಣ್ಣೀರಿನಲ್ಲಿ ಮಿಂದು ಹೋದ ಮೇಲೆ, ಟೈಮರ್ ಕಿತ್ತೆಸೆದು ಮತ್ತೆ ಹಳೆಯ ರೂಢಿಗೇ ಮರಳುವುದು ಹೀಗೆಯೇ. ಒಳಗೆ ಬ್ಯಾಟರಿಯಿರುವ ಡಿಜಿಟಲ್ ಟೈಮರ್‌ನ ಬೆಲೆ ತುಸು ಹೆಚ್ಚಾದರೂ ಈ ತೊಂದರೆ ಅದಕ್ಕಿಲ್ಲ.