ಕಡ್ಡಿಗಳು ಸಾಲುಗಟ್ಟುವುದೇಕೆ?

ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ನಮ್ಮೂರ ಹೈಸ್ಕೂಲಿನವರು ಮಾತಾಡಲು ಕರೆದಿದ್ದರು. ಸಮಯ ಕಾಲು ಗಂಟೆ, ವಿಷಯ ನನ್ನಿಷ್ಟ. ನಾನು ಎಂಟ್ರೊಪಿಯನ್ನು ಆರಿಸಿಕೊಂಡೆ. ಅದರಲ್ಲಿ ಸ್ವಲ್ಪ ಪ್ರಾಯಶ್ಚಿತ್ತವೂ ಇತ್ತು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ‘ಎಂಟ್ರೊಪಿ ಎಂದರೆ ಅವ್ಯವಸ್ಥೆ’ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವನು ನಾನೇ. ಅಂದು ಆಡಿದ್ದನ್ನು ಅಲ್ಲಲ್ಲಿ ತಿದ್ದಿ ಇಲ್ಲಿ ಕೊಡುತ್ತಿದ್ದೇನೆ.

ಮಕ್ಕಳೇ, ನಿಮ್ಮ ಕೋಣೆಯಲ್ಲಿ ಪುಸ್ತಕ ಒಂದು ಕಡೆ, ಕಾಲುಚೀಲ ಇನ್ನೊಂದು ಕಡೆ ಬಿದ್ದಿದ್ದರೆ ಅಮ್ಮ ಬೈಯುತ್ತಾರೆ. ಎಂಟ್ರೊಪಿ ಎಂದರೆ ಅದೇ, ಎಲ್ಲವೂ ತಾನಾಗಿ ಚೆಲ್ಲಾಪಿಲ್ಲಿಯಾಗುತ್ತಾ ಹೋಗುವುದು ಎಂದು ನಿಮಗೆ ಯಾರಾದರೂ ಹೇಳಿರಬಹುದು. ಮಾತು ಪೂರ್ತಿ ಸುಳ್ಳಲ್ಲ, ಆದರೆ ದಾರಿ ತಪ್ಪಿಸುತ್ತದೆ. ಏಕೆಂದು ತಿಳಿಯಲು ಹತ್ತು ನಾಣ್ಯ ಸಾಕು.

ಹತ್ತು ನಾಣ್ಯಗಳನ್ನು ಸಾಲಾಗಿಟ್ಟರೆ ಒಂದೊಂದೂ ತಲೆ ಅಥವಾ ಬಾಲ ತೋರಿಸುತ್ತದೆ. ಒಟ್ಟು 1024 ಬಗೆ. ಹತ್ತೂ ತಲೆಯಾಗಿರುವುದು ಅವುಗಳಲ್ಲಿ ಒಂದೇ ಒಂದು. ಐದು ತಲೆ, ಐದು ಬಾಲ ಬರುವ ಬಗೆಗಳು 252. ಚೀಲದಲ್ಲಿ ಕುಲುಕಿ ಸುರಿದಾಗ ಐದು–ಐದರ ಆಸುಪಾಸು ಬರುವುದಕ್ಕೆ ಕಾರಣ ಇಷ್ಟೇ, ಅದಕ್ಕೆ ದಾರಿಗಳು ಹೆಚ್ಚು. ನಾಣ್ಯಗಳಿಗೆ ಗಲೀಜಿನ ಮೇಲೆ ಪ್ರೀತಿಯೇನೂ ಇಲ್ಲ. ಆ 252ರಲ್ಲಿ ತಲೆ, ಬಾಲ, ತಲೆ, ಬಾಲ ಎಂದು ಮಾಲೆ ಪೋಣಿಸಿದಂತೆ ಒಪ್ಪವಾಗಿ ಬರುವ ಸಾಲೂ ಸೇರಿದೆ. ಒಪ್ಪ ಕಂಡದ್ದು ನಮ್ಮ ಕಣ್ಣಿಗೆ. ಲೆಕ್ಕಕ್ಕೆ ಅದೂ 252ರಲ್ಲಿ ಒಂದು.

‘ಎಂಟ್ರೊಪಿ’ ಎಂಬ ಹೆಸರನ್ನು 1865ರಲ್ಲಿ ಇಟ್ಟವನು ಜರ್ಮನಿಯ ಕ್ಲಾಸಿಯಸ್. ಅವನು ಅದನ್ನು ಶಾಖ ಮತ್ತು ತಾಪಮಾನದಿಂದ ಅಳೆದ, ಅವ್ಯವಸ್ಥೆಯ ಮಾತನ್ನೇ ಎತ್ತಲಿಲ್ಲ. ಅದನ್ನು ಎಣಿಕೆಗೆ ತಂದವನು ಬೋಲ್ಟ್ಸ್‌ಮನ್. ವಿಯೆನ್ನಾದಲ್ಲಿರುವ ಅವನ ಸಮಾಧಿಯ ಮೇಲೆ S = k log W ಎಂದು ಕೆತ್ತಿದ್ದಾರೆ. ಇಲ್ಲಿ W ಎಂದರೆ, ಹೊರಗಿನಿಂದ ಒಂದೇ ರೀತಿ ಕಾಣುವ ವಸ್ತುವಿನ ಒಳಗೆ ಅಣುಗಳು ಎಷ್ಟು ಬಗೆಯಲ್ಲಿ ಇರಬಹುದು ಎಂಬ ಲೆಕ್ಕ. ಈ ಸೂತ್ರದಲ್ಲಿ ‘ಅವ್ಯವಸ್ಥೆ’ಗೆ ಜಾಗವೇ ಇಲ್ಲ ಎಂಬುದನ್ನು ಗಮನಿಸಿ. ಇರುವುದು ಎಣಿಕೆ ಮಾತ್ರ.

ಹಾಗೆಂದು ಚೆಲ್ಲಾಪಿಲ್ಲಿ ಕೋಣೆಯನ್ನೂ ಎಣಿಸಿಬಿಡೋಣ. ನೂರು ಪುಸ್ತಕಗಳನ್ನು ಜೋಡಿಸಬಹುದಾದ ಬಗೆಗಳು 158 ಅಂಕಿಗಳ ಸಂಖ್ಯೆ. ದೊಡ್ಡದಾಯಿತಲ್ಲ? ಆದರೆ ಆ ಜೋಡಣೆಯ ಎಂಟ್ರೊಪಿಯನ್ನು ಒಂದು ಲೋಟ ನೀರು ಬರೀ 1 ಡಿಗ್ರಿ ಬಿಸಿಯಾದಾಗ ಹೆಚ್ಚುವ ಎಂಟ್ರೊಪಿಯ ಪಕ್ಕದಲ್ಲಿಟ್ಟರೆ, ನೀರಿನದು 1ರ ಮುಂದೆ 20 ಸೊನ್ನೆ ಹಾಕಿದಷ್ಟು ಪಟ್ಟಿಗಿಂತಲೂ ಹೆಚ್ಚು. ಕೋಣೆ ಗುಡಿಸದಿರುವುದಕ್ಕೆ ಭೌತವಿಜ್ಞಾನದ ನೆಪ ಹೇಳಲು ಹೊರಟವರು ಇದನ್ನು ನೆನಪಿಡಬೇಕು.

ಈಗ ನಿಜವಾದ ಪೇಚಿಗೆ ಬರೋಣ. ಎಂಟ್ರೊಪಿ ಹೆಚ್ಚುವುದರಿಂದಲೇ ವಸ್ತುಗಳು ಸಾಲುಗಟ್ಟಿ ನಿಲ್ಲಬಹುದೇ? ನಿಲ್ಲಬಹುದು. ತಂಬಾಕು ಗಿಡದ ಎಲೆಗೆ ತೇಪೆ ತೇಪೆಯಾಗಿ ಮಚ್ಚೆ ಹಿಡಿಸುವ ಒಂದು ವೈರಸ್ ಇದೆ, ಟೊಬ್ಯಾಕೊ ಮೊಸಾಯಿಕ್ ವೈರಸ್. ಅದರ ಒಂದೊಂದು ಕಣವೂ ನೆಟ್ಟಗಿನ ಕಡ್ಡಿ. ಉದ್ದ 300 ನ್ಯಾನೋಮೀಟರ್, ದಪ್ಪ 18. ಸ್ವಲ್ಪ ಹೆರೆದ ಪೆನ್ಸಿಲಿನ ಆಕಾರ ಅನ್ನಿ. 1936ರಲ್ಲಿ ಇಂಗ್ಲೆಂಡಿನ ಬಾಡೆನ್, ಪಿರಿ, ಬರ್ನಾಲ್ ಮತ್ತು ಫ್ಯಾನ್‌ಕುಶೆನ್ ಇದರ ದಟ್ಟ ದ್ರಾವಣವನ್ನು ಇಟ್ಟು ನೋಡಿದಾಗ ಅದು ಎರಡು ಪದರವಾಗಿ ಬೇರೆಯಾಯಿತು. ಮೇಲಿನದರಲ್ಲಿ ಕಡ್ಡಿಗಳು ಎತ್ತೆತ್ತಲೋ ತಿರುಗಿದ್ದವು. ಕೆಳಗಿನ, ಹೆಚ್ಚು ದಟ್ಟವಾದ ಪದರದಲ್ಲಿ ಎಲ್ಲವೂ ಒಂದೇ ದಿಕ್ಕಿಗೆ ಮಲಗಿದ್ದವು. ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಹಿಡಿದರೆ ಇದು ಗೊತ್ತಾಗುತ್ತದೆ: ಮೇಲಿನ ಪದರ ಕಪ್ಪು, ಕೆಳಗಿನದು ಬೆಳಗುತ್ತದೆ.

ಕಡ್ಡಿಗಳನ್ನು ಸಾಲಿಗೆ ಎಳೆದವರು ಯಾರು? ಅವು ಒಂದನ್ನೊಂದು ಸೆಳೆಯುತ್ತಿರಬೇಕು ಎಂದು ಯಾರಿಗಾದರೂ ತೋಚುತ್ತದೆ. 1949ರಲ್ಲಿ ಲಾರ್ಸ್ ಆನ್ಸಾಗರ್, ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ವಿಜ್ಞಾನಿ, ಸೆಳೆತವೇ ಬೇಕಿಲ್ಲ ಎಂದು ತೋರಿಸಿಕೊಟ್ಟ. ಒಂದರೊಳಗೊಂದು ತೂರಲಾರದಂಥ ಗಟ್ಟಿ ಕಡ್ಡಿಗಳು, ಅವುಗಳ ಓಡಾಟ, ಇಷ್ಟಿದ್ದರೆ ಸಾಕು.

ಅದನ್ನು ಹೀಗೆ ಲೆಕ್ಕ ಹಾಕಿ. ಒಂದು ಕಡ್ಡಿಯನ್ನು ನಿಲ್ಲಿಸಿ, ಇನ್ನೊಂದನ್ನು ಅದಕ್ಕೆ ಅಡ್ಡಲಾಗಿ, ಕೂಡಿಸುವ ಚಿಹ್ನೆಯಂತೆ ಹಿಡಿಯಿರಿ. ಎರಡನೆಯದರ ನಡುಮಧ್ಯ ಎಲ್ಲೆಲ್ಲಿ ಇರುವಂತಿಲ್ಲ? ಕನಿಷ್ಠ 300 ಉದ್ದ, 300 ಅಗಲ, 36 ಎತ್ತರದ ಒಂದು ಪೆಟ್ಟಿಗೆಯಷ್ಟು ಜಾಗದಲ್ಲಿ. ಅಂದರೆ ಸುಮಾರು 32 ಲಕ್ಷ ಘನ ನ್ಯಾನೋಮೀಟರ್ ಜಾಗ ಅದಕ್ಕೆ ನಿಷಿದ್ಧ. ಈಗ ಎರಡನ್ನೂ ಒಂದೇ ದಿಕ್ಕಿಗೆ ಹಿಡಿಯಿರಿ. ನಿಷಿದ್ಧ ಜಾಗ 18ರ ತ್ರಿಜ್ಯ, 600ರ ಉದ್ದವಿರುವ ಒಂದು ಕೊಳವೆಯಷ್ಟು, ಸುಮಾರು 6 ಲಕ್ಷ. ಅಡ್ಡ ನಿಂತ ಕಡ್ಡಿ ತನ್ನ ನೆರೆಯವನಿಂದ ಕಸಿದುಕೊಳ್ಳುವ ಜಾಗ ಐದು ಪಟ್ಟಿಗೂ ಹೆಚ್ಚು. ಕಡ್ಡಿಗಳ ಮೇಲೆ ವಿದ್ಯುದಾವೇಶ ಇರುವುದರಿಂದ ನಿಜವಾದ ದ್ರಾವಣದಲ್ಲಿ ಅವು ಇನ್ನಷ್ಟು ದಪ್ಪವಿರುವಂತೆ ನಡೆದುಕೊಳ್ಳುತ್ತವೆ. ಅಂಕಿ ಬದಲಾದರೂ ವಾದ ಬದಲಾಗುವುದಿಲ್ಲ.

ಸಾಲುಗಟ್ಟಿದಾಗ ಕಡ್ಡಿಗಳು ಒಂದು ಸ್ವಾತಂತ್ರ್ಯವನ್ನು ಕಳೆದುಕೊಳ್ಳುತ್ತವೆ, ಬೇಕಾದ ಕಡೆ ತಿರುಗುವುದನ್ನು. ಅದರಿಂದ W ಕಡಿಮೆಯಾಗುತ್ತದೆ. ಆದರೆ ಅಕ್ಕಪಕ್ಕ, ಹಿಂದೆ ಮುಂದೆ ಸರಿದಾಡಲು ಜಾಗ ಸಿಗುತ್ತದೆ. ಅದರಿಂದ W ಹೆಚ್ಚುತ್ತದೆ. ದ್ರಾವಣ ತೆಳ್ಳಗಿದ್ದಾಗ ಕಡ್ಡಿಗಳು ಎದುರುಬದುರಾಗುವುದೇ ಅಪರೂಪ, ಸಾಲುಗಟ್ಟಿ ಲಾಭವಿಲ್ಲ, ಅವು ಸಿಕ್ಕಸಿಕ್ಕ ಕಡೆ ತಿರುಗಿರುತ್ತವೆ. ದಟ್ಟವಾಗುತ್ತಾ ಹೋದಂತೆ ಒಂದು ಹಂತದಲ್ಲಿ ಎರಡನೆಯ ಲಾಭ ಮೊದಲನೆಯ ನಷ್ಟವನ್ನು ಮೀರುತ್ತದೆ. ಅಲ್ಲಿಂದ ಮುಂದೆ ಸಾಲಾಗಿರುವುದಕ್ಕೇ ದಾರಿಗಳು ಹೆಚ್ಚು. ಜಾತ್ರೆಯ ನೂಕುನುಗ್ಗಲಲ್ಲಿ ಕೊಡೆಗಳನ್ನು ಅಡ್ಡ ಹಿಡಿದವರಿಗಿಂತ ನೆಟ್ಟಗೆ ಹಿಡಿದವರು ಸಲೀಸಾಗಿ ಸರಿದಾಡುವುದನ್ನು ನೀವು ಕಂಡಿರಬಹುದು.

ಇದು ಸೆಳೆತದ ಕೆಲಸವಲ್ಲ ಎಂದು ತಿಳಿಯುವುದು ಹೇಗೆ? ಸೆಳೆತವೇ ಹಿಡಿದಿಟ್ಟಿದ್ದರೆ ಬಿಸಿ ಮಾಡಿದಾಗ ಅದು ಬಿಟ್ಟುಕೊಳ್ಳಬೇಕಿತ್ತು. ಬರೀ ಗಟ್ಟಿ ಕಡ್ಡಿಗಳ ಲೆಕ್ಕದಲ್ಲಿ ತಾಪಮಾನಕ್ಕೆ ಪಾತ್ರವೇ ಇಲ್ಲ. ಸಾಲು ಕೆಡಿಸಬೇಕೆಂದರೆ ನೀರು ಬೆರೆಸಿ ತೆಳ್ಳಗೆ ಮಾಡಬೇಕು.

ಹಾಗಾದರೆ ‘ಅವ್ಯವಸ್ಥೆ’ ಎಂಬ ಮಾತನ್ನು ಬಿಟ್ಟೇಬಿಡಬೇಕೇ? ಬೇಕಿಲ್ಲ. ಅಗರಬತ್ತಿಯ ಘಮ ಕೋಣೆಯಲ್ಲಿ ಹರಡುವುದು, ಮಂಜುಗಡ್ಡೆ ಕರಗುವುದು, ಇಂಥ ಕಡೆ ಅದು ನಡೆಯುತ್ತದೆ, ಏಕೆಂದರೆ ಅಲ್ಲಿ ದಾರಿಗಳು ಹೆಚ್ಚಿರುವ ಸ್ಥಿತಿಯೇ ಕಣ್ಣಿಗೆ ಕಲಸುಮೇಲೋಗರವಾಗಿಯೂ ಕಾಣುತ್ತದೆ. ವೈರಸ್ಸಿನ ಬಾಟಲಿಯಲ್ಲಿ ಅವೆರಡೂ ಬೇರೆಯಾದವು.

ಭಾಷಣ ಮುಗಿದ ಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ನಮ್ಮಕ್ಕ ಪಿಯುಸಿ. ಪರೀಕ್ಷೆಯಲ್ಲಿ ಅವಳು ಏನು ಬರೀಬೇಕು?” ಎಲ್ಲರೂ ನಕ್ಕರು, ಮೇಷ್ಟ್ರುಗಳು ಸ್ವಲ್ಪ ಕಡಿಮೆ ನಕ್ಕರು. “ಅವ್ಯವಸ್ಥೆ ಅಂತ ಬರೆಯಲಿ, ಅಂಕ ಬೇಕಲ್ಲ. ಅದರ ಕೆಳಗೆ ಬೋಲ್ಟ್ಸ್‌ಮನ್ನನ ಸೂತ್ರ ಬರೆದು, W ಎಂದರೆ ಏನು ಎಂದು ಇನ್ನೊಂದು ಸಾಲು ಸೇರಿಸಲಿ” ಎಂದೆ. ಉತ್ತರಪತ್ರಿಕೆ ತಿದ್ದುವ ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಎರಡನೇ ಸಾಲಿಗೂ ಒಂದು ಅಂಕ ಕೊಡಿ.