ಒಂದೇ ಹನ್ನೆರಡು ನಿಮಿಷಕ್ಕೆ ಎರಡು ಕತ್ತರಿ

ಪೀಣ್ಯದ ಕಡೆಯ ಒಂದು ಮಧ್ಯಮ ಗಾತ್ರದ ಗಾರ್ಮೆಂಟ್ ಫ್ಯಾಕ್ಟರಿ ಎಂದುಕೊಳ್ಳಿ. ಬೆಳಿಗ್ಗೆ 9ರಿಂದ ಸಂಜೆ 5.30ರವರೆಗೆ ಜನರಲ್ ಶಿಫ್ಟ್, ನಡುವೆ ಅರ್ಧ ಗಂಟೆ ಊಟ, ಅಂದರೆ ಎಂಟು ಗಂಟೆ ಕೆಲಸ. ಲೈನ್‌ನಲ್ಲಿ ಕಾಲರ್ ಹಚ್ಚುವ ಟೈಲರ್ ಒಬ್ಬಳು 9.12ಕ್ಕೆ ಪಂಚ್ ಮಾಡುತ್ತಾಳೆ. ಅವತ್ತು ಶಿಪ್‌ಮೆಂಟ್ ಅವಸರ, ಸೂಪರ್‌ವೈಸರ್ ನಿಲ್ಲಿಸಿಕೊಳ್ಳುತ್ತಾರೆ, 7.30ಕ್ಕೆ ಹೊರಡುತ್ತಾಳೆ. ಅವಳ ಆ ದಿನದ ಸಂಬಳ ಎಷ್ಟು?

ಟೈಮ್ ಆಫೀಸಿನಲ್ಲಿ ಕೂತವರಿಗೆ ಇದು ಸುಲಭದ ಪ್ರಶ್ನೆ ಅನ್ನಿಸುತ್ತದೆ. ಆದರೆ ಹಾಜರಿ ಶೀಟ್ ಹೇಗೆ ಬರೆದಿದೆ ಅನ್ನುವುದರ ಮೇಲೆ ಇದಕ್ಕೆ ಮೂರು ಉತ್ತರ ಬರುತ್ತವೆ. ಲೆಕ್ಕ ಸಲೀಸಾಗಲಿ ಎಂದು ತಿಂಗಳಿಗೆ 13,000 ರೂಪಾಯಿ ಸಂಬಳ ಹಿಡಿಯೋಣ. 26ರಿಂದ ಭಾಗಿಸಿದರೆ ದಿನಕ್ಕೆ 500, ಗಂಟೆಗೆ 62 ರೂಪಾಯಿ 50 ಪೈಸೆ. ಓಟಿಗೆ ಎರಡುಪಟ್ಟು, ಅಂದರೆ ಗಂಟೆಗೆ 125.

ಮೊದಲ ರೀತಿ ಗಡಿಯಾರದ ಲೆಕ್ಕ. ಬೆಳಿಗ್ಗೆ 12 ನಿಮಿಷ ತಡ, ಅದಕ್ಕೆ 12 ರೂಪಾಯಿ 50 ಪೈಸೆ ಕಡಿತ. ಸಂಜೆ 5.30ರಿಂದ 7.30ರವರೆಗೆ ಎರಡು ಗಂಟೆ ಓಟಿ, 250 ರೂಪಾಯಿ. ಒಟ್ಟು 737.50. ಎರಡನೆಯದು ದುಡಿದ ಗಂಟೆಗಳ ಲೆಕ್ಕ. ಊಟದ ಹೊತ್ತು ಕಳೆದರೆ ಅವಳು ದುಡಿದದ್ದು 9 ಗಂಟೆ 48 ನಿಮಿಷ. ಮೊದಲ ಎಂಟು ಗಂಟೆಗೆ ಪೂರ್ತಿ 500, ಮಿಕ್ಕ 108 ನಿಮಿಷಕ್ಕೆ ಎರಡುಪಟ್ಟಿನ ದರದಲ್ಲಿ 225, ಒಟ್ಟು 725. ಇಲ್ಲಿ ಬೆಳಗಿನ 12 ನಿಮಿಷವನ್ನು ಸಂಜೆ ತುಂಬಿಕೊಟ್ಟಳು ಎಂದಾಯಿತು, ಹಾಗಾಗಿ ಲೇಟ್ ಕಡಿತ ಇಲ್ಲ.

ಮೂರನೆಯದು ಯಾರೂ ಬೇಕೆಂದೇ ಮಾಡಿದ್ದಲ್ಲ, ಶೀಟ್ ತಾನೇ ಮಾಡುವುದು. ಲೇಟ್ ಕಾಲಂ ಒಬ್ಬರು ಬರೆದಿರುತ್ತಾರೆ, ಅದು 12.50 ಕಡಿಯುತ್ತದೆ. ಓಟಿ ಕಾಲಂ ಇನ್ನೊಬ್ಬರು ಯಾವಾಗಲೋ ಸೇರಿಸಿರುತ್ತಾರೆ, ಅದು ‘ಒಟ್ಟು ದುಡಿದ ಹೊತ್ತು ಕಳೆ ಎಂಟು’ ಎಂದು 108 ನಿಮಿಷ ತೋರಿಸುತ್ತದೆ. 487.50ಕ್ಕೆ 225 ಕೂಡಿದರೆ 712.50. ಬೆಳಿಗ್ಗೆ ತಡವಾದ ಅದೇ ಹನ್ನೆರಡು ನಿಮಿಷಕ್ಕೆ ಒಮ್ಮೆ ಸಂಬಳದಲ್ಲಿ ಕತ್ತರಿ, ಇನ್ನೊಮ್ಮೆ ಓಟಿಯಲ್ಲಿ ಕತ್ತರಿ. ಒಂದೊಂದು ಕಾಲಂ ಅನ್ನೂ ಬಿಡಿಬಿಡಿಯಾಗಿ ನೋಡಿದರೆ ಸರಿಯಾಗೇ ಇದೆ. ಅದಕ್ಕೇ ಈ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾನೂನಿನ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದರೆ ಎರಡುಪಟ್ಟು ಕೂಲಿ ಎಂದಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ದಿನದ ಲೆಕ್ಕ 8 ಗಂಟೆಗೆ ನಿಂತಿದೆ, ಎರಡುಪಟ್ಟು ಹಾಗೇ ಉಳಿದಿದೆ. ಕಡಿತದ ವಿಷಯದಲ್ಲಿ 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ನಿಯಮ ಒಂದೇ: ಎಷ್ಟು ಹೊತ್ತು ಕೆಲಸದಲ್ಲಿರಲಿಲ್ಲವೋ ಅಷ್ಟು ಹೊತ್ತಿನ ಕೂಲಿಯನ್ನಷ್ಟೇ ಹಿಡಿಯಬಹುದು, ಸಾಮೂಹಿಕವಾಗಿ ಗೈರಾದ ಪ್ರಕರಣ ಬೇರೆ. ಹಾಗಾದರೆ ‘ಮೂರು ಲೇಟ್‌ಗೆ ಅರ್ಧ ದಿನ ಕಟ್’ ಎಂಬ ಬೋರ್ಡಿನ ಕಥೆ ಏನು? 8, 10, 7 ನಿಮಿಷದಂತೆ ಮೂರು ಸಲ ತಡವಾದವಳಿಗೆ 25 ನಿಮಿಷದ ಕೂಲಿ 26 ರೂಪಾಯಿ. ಅರ್ಧ ದಿನದ್ದು 250. ಶೀಟ್‌ನಲ್ಲಿ ‘ಲೇಟ್’ ಎಂದು ಬರೀ ಟಿಕ್ ಹಾಕುವ ಕಾಲಂ ಇದ್ದರೆ ಈ ಅಂತರ ಕಾಣುವುದೇ ಇಲ್ಲ. ನಿಮಿಷ ಬರೆಯುವ ಕಾಲಂ ಇದ್ದರೆ ಮುಚ್ಚಿಡಲಾಗುವುದಿಲ್ಲ.

ಇಷ್ಟು ತಲೆಯಲ್ಲಿಟ್ಟುಕೊಂಡು ಶೀಟ್ ಹಾಕೋಣ. ತಾರೀಖು B2 ಮನೆಯಲ್ಲಿ. ಸಾಲುಗಳು ಆರರಿಂದ ಶುರು. ಎಡದಿಂದ ಟೋಕನ್ ನಂಬರ್, ಹೆಸರು, ಲೈನ್, ಶಿಫ್ಟ್ (D), ಶಿಫ್ಟ್ ಶುರು (E), ಶಿಫ್ಟ್ ಮುಗಿತ (F), ಒಳಗೆ ಬಂದದ್ದು (G), ಹೊರಗೆ ಹೋದದ್ದು (H), ತಡವಾದ ನಿಮಿಷ (I), ಓಟಿ ನಿಮಿಷ (J), ಕಾರಣ (K), ಸಹಿ (L). ಟೋಕನ್ ನಂಬರ್ ಮೊದಲೇ ಇರಲಿ. ಒಂದು ಫ್ಲೋರ್‌ನಲ್ಲಿ ಒಂದೇ ಹೆಸರಿನ ನಾಲ್ಕು ಲಕ್ಷ್ಮಿಯರು ಇದ್ದರೆ ಆಶ್ಚರ್ಯವಿಲ್ಲ.

ಶಿಫ್ಟ್‌ನ ಹೊತ್ತನ್ನು ದಿನಾ ಕೈಯಲ್ಲಿ ಬರೆಯಬಾರದು. ಬೇರೆ ಹಾಳೆಯಲ್ಲಿ ಪುಟ್ಟ ಪಟ್ಟಿ ಮಾಡಿ, ಅದಕ್ಕೆ Shift ಎಂದು ಹೆಸರಿಡಿ: ಜನರಲ್‌ಗೆ G, 9:00, 17:30, ವಾಷಿಂಗ್ ವಿಭಾಗದ ರಾತ್ರಿ ಪಾಳಿಗೆ N, 22:00, 30:00. ಮೂವತ್ತು ಗಂಟೆ ಎಂದರೆ ಮಾರನೇ ಬೆಳಿಗ್ಗೆ ಆರು. ಎಕ್ಸೆಲ್ ಇದನ್ನು ಒಪ್ಪುತ್ತದೆ, ಮನೆಯ ಫಾರ್ಮ್ಯಾಟ್ `[h]:mm` ಇರಬೇಕು ಅಷ್ಟೇ. ಆಮೇಲೆ ದಿನದ ಶೀಟ್‌ನಲ್ಲಿ ಶುರು ಮತ್ತು ಮುಗಿತದ ಹೊತ್ತು ತಾವೇ ಬರುತ್ತವೆ:

```
E6: =$B$2+VLOOKUP(D6,Shift!$A$2:$C$5,2,FALSE)
F6: =$B$2+VLOOKUP(D6,Shift!$A$2:$C$5,3,FALSE)
```

ತಾರೀಖನ್ನೂ ಕೂಡಿಸಿರುವುದಕ್ಕೆ ಕಾರಣವಿದೆ. ಬರೀ ಗಂಟೆ ನಿಮಿಷ ಬರೆಯುವ ಶೀಟ್‌ಗಳು ಶಿಪ್‌ಮೆಂಟ್ ಹಿಂದಿನ ರಾತ್ರಿ ಕೈಕೊಡುತ್ತವೆ. ಜನರಲ್ ಶಿಫ್ಟ್‌ನ ಫಿನಿಷಿಂಗ್ ಹುಡುಗ ರಾತ್ರಿ 12.30ಕ್ಕೆ ಹೊರಟ ಅನ್ನಿ. 0:30ರಲ್ಲಿ 17:30 ಕಳೆದರೆ ಎಕ್ಸೆಲ್‌ಗೆ ಸಿಗುವುದು ಋಣಸಂಖ್ಯೆ, ‘ಸೊನ್ನೆಗಿಂತ ಕಮ್ಮಿ ಇದ್ದರೆ ಸೊನ್ನೆ’ ಎಂಬ ಸೂತ್ರ ಅದನ್ನು ಸೊನ್ನೆ ಮಾಡುತ್ತದೆ. ತಿಂಗಳಲ್ಲೇ ಅತಿ ಹೆಚ್ಚು ಓಟಿ ಮಾಡಿದವನಿಗೆ ಆ ದಿನ ಓಟಿ ಸೊನ್ನೆ! G ಮತ್ತು H ಕಾಲಂಗಳಲ್ಲೂ ತಾರೀಖು, ಸಮಯ ಎರಡೂ ಇರಲಿ. ಪಂಚಿಂಗ್ ಮಷೀನಿನಿಂದ ಇಳಿಸಿಕೊಂಡ ಫೈಲ್‌ನಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ. ನಡುರಾತ್ರಿ ದಾಟಿದ ಪಂಚ್ ಶಿಫ್ಟ್ ಶುರುವಾದ ದಿನದ ಸಾಲಿಗೇ ಸೇರಬೇಕು, ಮಾರನೇ ದಿನದ್ದಕ್ಕಲ್ಲ.

ಈಗ ಎರಡು ಮುಖ್ಯ ಕಾಲಂ:

```
I6: =IF(G6="","",MAX(0,ROUND((G6-E6)*1440,0)))
J6: =IF(H6="","",MAX(0,ROUND((H6-F6)*1440,0)))
```

ಎಕ್ಸೆಲ್‌ಗೆ ಒಂದು ದಿನ ಅಂದರೆ 1. ಅದನ್ನು 1440ರಿಂದ ಗುಣಿಸಿದರೆ ನಿಮಿಷ. ಇದು ಮೊದಲು ಹೇಳಿದ ಗಡಿಯಾರದ ಲೆಕ್ಕ. ನನ್ನ ಒಲವೂ ಅದರ ಕಡೆಗೇ, ಯಾಕೆಂದರೆ ಗೋಡೆ ಗಡಿಯಾರ ನೋಡಿದ ಯಾವ ಹೆಲ್ಪರ್ ಆದರೂ ತನ್ನ ಓಟಿಯನ್ನು ತಾನೇ ಹೇಳಬಲ್ಲಳು. ಫ್ಯಾಕ್ಟರಿ ದುಡಿದ ಗಂಟೆಯ ಲೆಕ್ಕವನ್ನೇ ಹಿಡಿಯುವುದಾದರೆ ಅದೂ ತಪ್ಪಲ್ಲ, ಆದರೆ ಆಗ ಓಟಿ ಮಾಡಿದ ದಿನ ಲೇಟ್ ಕಡಿತ ತಾನಾಗೇ ಕರಗಬೇಕು. ಯಾವುದು ನಮ್ಮ ಪದ್ಧತಿ ಎಂದು ಶೀಟ್‌ನ ಅಡಿಯಲ್ಲಿ ಒಂದು ಸಾಲು ಅಚ್ಚಾಗಿರಲಿ.

ಓಟಿಯನ್ನು ಗಂಟೆಯಲ್ಲಿ ಬರೆಯದೆ ನಿಮಿಷದಲ್ಲೇ ಇಡಲು ಹೇಳುವುದಕ್ಕೆ ಹಳೆಯ ಎರಡು ಪೀಡೆಗಳು ಕಾರಣ. ಒಂದೂವರೆ ಗಂಟೆಯನ್ನು ಕ್ಲರ್ಕ್ 1.30 ಎಂದು ಬರೆಯುತ್ತಾರೆ. ಅಂಥ ಎರಡು ದಿನ ಕೂಡಿದರೆ ಕಂಪ್ಯೂಟರ್ 2.60 ಅನ್ನುತ್ತದೆ, ನಿಜಕ್ಕೂ ಆಗಬೇಕಾದದ್ದು ಮೂರು ಗಂಟೆ. ಇನ್ನೊಂದು ಇದಕ್ಕಿಂತ ಕಳ್ಳ. 1:30 ಎಂದು ಸರಿಯಾಗೇ ಬರೆದರೂ ತಿಂಗಳ ಮೊತ್ತ 26:30 ಆದಾಗ, ಫಾರ್ಮ್ಯಾಟ್ `h:mm` ಇದ್ದರೆ ಪರದೆಯಲ್ಲಿ 2:30 ಕಾಣುತ್ತದೆ. ಒಂದು ಇಡೀ ದಿನ ಮಾಯ. ಸಂಬಳದ ಹಾಳೆಗೆ ಅದನ್ನು ಕೈಯಲ್ಲಿ ಇಳಿಸಿಕೊಂಡವರಿಗೆ ಗೊತ್ತೂ ಆಗುವುದಿಲ್ಲ. ತಿಂಗಳಿಡೀ ನಿಮಿಷ ಕೂಡಿ, ಕೊನೆಗೆ ಒಮ್ಮೆ 60ರಿಂದ ಭಾಗಿಸಿದರೆ ಎರಡೂ ತಂಟೆ ಇಲ್ಲ.

‘ಅರ್ಧ ಗಂಟೆ ತುಂಬದಿದ್ದರೆ ಓಟಿ ಇಲ್ಲ’ ಎಂಬ ರೂಢಿಯೂ ಹೀಗೇ ಬಯಲಾಗುತ್ತದೆ. ಟಾರ್ಗೆಟ್ ಮುಗಿಸಲೆಂದು ದಿನಾ ಇಪ್ಪತ್ತು ನಿಮಿಷ ನಿಂತವಳಿಗೆ ದಿನದ ಲೆಕ್ಕದಲ್ಲಿ ಏನೂ ಬರುವುದಿಲ್ಲ. 26 ದಿನ ಕೂಡಿದರೆ 520 ನಿಮಿಷ, ಎಂಟು ಗಂಟೆ ನಲವತ್ತು ನಿಮಿಷ. ನಮ್ಮ ದರದಲ್ಲಿ 1,083 ರೂಪಾಯಿ. J ಕಾಲಂ ಬಂದ ನಿಮಿಷವನ್ನು ಬಂದಂತೆ ಬರೆದುಕೊಳ್ಳಲಿ, ಕೆಳಕ್ಕೆ ಮೊಟಕು ಮಾಡುವ ಸೂತ್ರ ಅದರೊಳಗೆ ಬೇಡ.

ಲೇಟ್ ಕಾಲಂಗೂ ಒಂದು ಮಾತು. ಆರುನೂರು ಜನ, ಗೇಟಿನಲ್ಲಿ ಎರಡು ಹೆಬ್ಬೆಟ್ಟಿನ ಮಷೀನು, ಒಬ್ಬರಿಗೆ ಐದು ಸೆಕೆಂಡ್ ಅಂದರೂ ಎಲ್ಲರೂ ಒಳಗೆ ಬರಲು 25 ನಿಮಿಷ ಬೇಕು. 8.50ಕ್ಕೆ ಕ್ಯೂ ಸೇರಿದವಳ ಪಂಚ್ 9.07 ತೋರಿಸಿದರೆ ತಡವಾದದ್ದು ಯಾರು? ದಿನವಿಡೀ ಹೊಲಿದು ಸವೆದ ಬೆರಳನ್ನು ಮಷೀನ್ ಒಂದೇ ಸಲಕ್ಕೆ ಗುರುತಿಸದಿರುವುದೂ ಉಂಟು. ಮಾಗಡಿ, ರಾಮನಗರದ ಕಡೆಯಿಂದ ಫ್ಯಾಕ್ಟರಿಯೇ ಗೊತ್ತು ಮಾಡಿದ ವ್ಯಾನ್ ಟ್ರಾಫಿಕ್‌ನಲ್ಲಿ ಸಿಕ್ಕಿದರೆ ಹದಿನೈದು ಜನ ಒಟ್ಟಿಗೆ ಲೇಟ್. ಇದಕ್ಕೇ K ಕಾಲಂ: ‘ವ್ಯಾನ್’, ‘ಕ್ಯೂ’, ‘ಪರ್ಮಿಷನ್’, ‘ಸ್ವಂತ’ ಎಂಬ ನಾಲ್ಕೇ ಆಯ್ಕೆ ಇರುವ ಪಟ್ಟಿ. I ಕಾಲಂನ ನಿಮಿಷವನ್ನು ಅಳಿಸಬೇಡಿ. ಕಡಿತಕ್ಕೆ ‘ಸ್ವಂತ’ ಎಂದಿರುವ ಸಾಲುಗಳನ್ನಷ್ಟೇ ಕೂಡಿ:

```
=SUMIF(K6:K605,"ಸ್ವಂತ",I6:I605)
```

ಇದು ಆ ದಿನದ ಇಡೀ ಫ್ಲೋರಿನ ಮೊತ್ತ. ಒಬ್ಬೊಬ್ಬರ ತಿಂಗಳ ಹಾಳೆಯಲ್ಲಿ ಇದೇ ಸೂತ್ರ ಅವರ ಸಾಲುಗಳ ಮೇಲೆ ಓಡುತ್ತದೆ. ಐದು ನಿಮಿಷದ ರಿಯಾಯಿತಿ ಕೊಡುವ ಫ್ಯಾಕ್ಟರಿಗಳೂ ಅದನ್ನು ಕಡಿತದ ಲೆಕ್ಕದಲ್ಲಿ ಕೊಡಲಿ, ಪಂಚ್ ಹೊತ್ತನ್ನು 9.00 ಎಂದು ತಿದ್ದಿ ಅಲ್ಲ.

ಹೊರಗೆ ಹೋಗುವಾಗ ಪಂಚ್ ಮಾಡಲು ಮರೆತವರ J ಮನೆ ಖಾಲಿ ಉಳಿಯುವುದನ್ನು ಗಮನಿಸಿರಬಹುದು. ಸೊನ್ನೆ ಬರೆದರೆ ‘ಓಟಿ ಮಾಡಿಲ್ಲ’ ಎಂದಾಗುತ್ತದೆ. ಖಾಲಿ ಇದ್ದರೆ ಮಾರನೇ ಬೆಳಿಗ್ಗೆ ಲೈನ್ ಸೂಪರ್‌ವೈಸರ್ ಕೇಳಿ ತುಂಬಬೇಕೆಂದು ಗೊತ್ತಾಗುತ್ತದೆ. ಸಹಿಯೂ ಆಗಲೇ, ಸಂಬಳದ ಹಿಂದಿನ ದಿನ ಮೂವತ್ತು ದಿನದ್ದನ್ನು ಒಟ್ಟಿಗೆ ಹಾಕಿಸಿಕೊಳ್ಳುವ ಸಹಿಯಿಂದ ಏನೂ ಪ್ರಯೋಜನವಿಲ್ಲ.

ಶೀಟ್ ಬಳಕೆಗೆ ಬಿಡುವ ಮೊದಲು ಸುಳ್ಳು ಹೆಸರಿನ ಐದು ಸಾಲು ತುಂಬಿ ನೋಡಿ. 8.55ಕ್ಕೆ ಬಂದು 5.30ಕ್ಕೆ ಹೋದವಳಿಗೆ ಎರಡೂ ಕಾಲಂ ಸೊನ್ನೆ. 9.12ರಿಂದ 7.30ರವಳಿಗೆ 12 ಮತ್ತು 120. ರಾತ್ರಿ 12.30ಕ್ಕೆ ಹೋದವನಿಗೆ ಓಟಿ 420. ರಾತ್ರಿ ಪಾಳಿಗೆ 10.10ಕ್ಕೆ ಬಂದು ಬೆಳಿಗ್ಗೆ 6.40ಕ್ಕೆ ಹೋದವನಿಗೆ 10 ಮತ್ತು 40. ಪಂಚ್ ಮರೆತವಳಿಗೆ ಓಟಿ ಖಾಲಿ. ಮೂರನೇ ಸಾಲಿನಲ್ಲಿ 420ರ ಬದಲು ಸೊನ್ನೆ ಬಂದರೆ H ಕಾಲಂನಲ್ಲಿ ತಾರೀಖು ಬಿಟ್ಟುಹೋಗಿದೆ ಎಂದರ್ಥ.