ಹೋಟೆಲ್ ನೌಕರರ ರಜೆ ಅರ್ಜಿ ಮತ್ತು ಡ್ಯೂಟಿ ಬದಲಿ ಕೋರಿಕೆ

ಹೋಟೆಲಿನಲ್ಲಿ ರಜೆ ಅರ್ಜಿಯನ್ನು ಓದುವವರು ಸಾಮಾನ್ಯವಾಗಿ ಆ ವಾರದ ರೋಸ್ಟರ್ ಹಾಕಿದವರೇ: ಹೌಸ್‌ಕೀಪಿಂಗ್ ಸೂಪರ್‌ವೈಸರ್, ರೆಸ್ಟೋರೆಂಟ್ ಕ್ಯಾಪ್ಟನ್ ಅಥವಾ ಫ್ರಂಟ್ ಆಫೀಸ್ ಮ್ಯಾನೇಜರ್. ಯಾವ ದಿನದ ಯಾವ ಶಿಫ್ಟ್ ಖಾಲಿ ಬೀಳುತ್ತದೆ ಎಂಬುದು ಅವರಿಗೆ ಮೊದಲು ತಿಳಿಯಬೇಕು. ಕಾರಣಕ್ಕೆ ಒಂದು ಸಾಲು ಸಾಕು.

“ಮಾನ್ಯರೇ, 14ನೇ ತಾರೀಖು ಶನಿವಾರ ನನಗೆ ಬೆಳಗಿನ ಶಿಫ್ಟ್ ಇದೆ. ಅಂದು ತಂಗಿಯ ನಿಶ್ಚಿತಾರ್ಥವಿರುವುದರಿಂದ ಒಂದು ದಿನದ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ. 15ರ ಮಧ್ಯಾಹ್ನದ ಶಿಫ್ಟ್‌ಗೆ ಹಾಜರಾಗುತ್ತೇನೆ.” ಕೆಳಗೆ ಹೆಸರು, ವಿಭಾಗ, ಸಹಿ.

ಇದರಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಕೊನೆಯ ವಾಕ್ಯವನ್ನು. “ಎರಡು ದಿನ ರಜೆ ಬೇಕು” ಎಂದಷ್ಟೇ ಬರೆದರೆ ವಾರದ ರಜೆಯೂ ಅದರಲ್ಲಿ ಸೇರಿದೆಯೋ ಇಲ್ಲವೋ ಎಂಬ ಗೊಂದಲ ಉಳಿಯುತ್ತದೆ. ಮರಳುವ ದಿನ ಬರೆದಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ. “ಅನಿವಾರ್ಯ ಕಾರಣದಿಂದ” ಎಂಬ ಮಾತಿನಿಂದಲೂ ಕೆಲಸವಾಗುವುದಿಲ್ಲ. ಏನು ಕಾರಣ ಎಂದು ಕರೆದು ಕೇಳಿಯೇ ಕೇಳುತ್ತಾರೆ. ಹುಷಾರಿಲ್ಲದಿದ್ದರೆ ಮಾತ್ರ ಕ್ರಮ ಬೇರೆ: ಶಿಫ್ಟ್‌ಗೆ ಮೊದಲೇ ಫೋನ್ ಮಾಡಿ ತಿಳಿಸಿ, ಅರ್ಜಿಯನ್ನು ಆಮೇಲೆ ಕೊಡುವುದು.

ಡ್ಯೂಟಿ ಬದಲಿಯಲ್ಲಿ ರಜೆ ಖರ್ಚಾಗುವುದಿಲ್ಲ. ಆದರೆ ಇಲ್ಲಿ ಇಬ್ಬರ ಲೆಕ್ಕ ಹೊಂದಬೇಕು. ರಿಸೆಪ್ಷನ್‌ನಲ್ಲಿರುವ ಒಬ್ಬರಿಗೆ ಶನಿವಾರ ಬೆಳಿಗ್ಗೆ 7ರ ಶಿಫ್ಟ್ ಬಿಡಬೇಕಾಗಿದೆ ಎನ್ನೋಣ. ಜೊತೆಯವರೊಬ್ಬರು ಒಪ್ಪಿದರು, ಆದರೆ ಅವರ ಶುಕ್ರವಾರದ ಡ್ಯೂಟಿ ಮುಗಿಯುವುದೇ ರಾತ್ರಿ 11ಕ್ಕೆ. ನಡುವೆ ಉಳಿಯುವುದು 8 ಗಂಟೆ. ಅದರಲ್ಲೇ ಮನೆಗೆ ಹೋಗಿ, ಮಲಗಿ, ಎದ್ದು ಬರಬೇಕು. ಇಂಥ ಕೋರಿಕೆಯನ್ನು ಮ್ಯಾನೇಜರ್ ತಿರಸ್ಕರಿಸಿದರೆ ಅದು ನ್ಯಾಯವೇ. ಶನಿವಾರ ಮಧ್ಯಾಹ್ನ ಡ್ಯೂಟಿ ಇದ್ದು, ಶುಕ್ರವಾರ ಬೇಗ ಮುಗಿಸುವ, ಅದೇ ಕೆಲಸ ಬಲ್ಲ ಇನ್ನೊಬ್ಬರನ್ನು ಕೇಳುವುದು ಸರಿಯಾದ ದಾರಿ. ಆಗ ಸಂದೇಶ ಹೀಗಿರಬಹುದು:

“ಸರ್, 14ರ ಶನಿವಾರ ನನ್ನದು ಬೆಳಗಿನ ಶಿಫ್ಟ್, ರಮೇಶ್ ಅವರದು ಮಧ್ಯಾಹ್ನದ್ದು. ಅಂದು ಬೆಳಿಗ್ಗೆ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗಿದೆ. ಆ ಒಂದು ದಿನ ಇಬ್ಬರ ಶಿಫ್ಟ್ ಬದಲಿಸಿಕೊಳ್ಳಲು ದಯವಿಟ್ಟು ಅನುಮತಿ ಕೊಡಿ. ರಮೇಶ್ ಒಪ್ಪಿದ್ದಾರೆ.” ಇದರ ಕೆಳಗೆ ರಮೇಶ್ “ನನ್ನ ಒಪ್ಪಿಗೆ ಇದೆ” ಎಂದು ತಾವೇ ಬರೆದರೆ ಮ್ಯಾನೇಜರ್ ಇನ್ನೊಮ್ಮೆ ವಿಚಾರಿಸಬೇಕಿಲ್ಲ.

ಇಬ್ಬರೇ ಬಾಯಿಮಾತಿನಲ್ಲಿ ಹೊಂದಿಸಿಕೊಂಡರೆ ತೊಡಕು ಹಾಜರಾತಿಯಲ್ಲಿ ಬರುತ್ತದೆ. ಬಯೋಮೆಟ್ರಿಕ್ ಲೆಕ್ಕ ಹಳೆಯ ರೋಸ್ಟರಿನಂತೆಯೇ ನಡೆಯುವ ಕಡೆ, ಬೆಳಿಗ್ಗೆ ಬರಬೇಕಾದವರು ಮಧ್ಯಾಹ್ನ ಬೆರಳೊತ್ತಿದರೆ ತಡವಾಗಿ ಬಂದಂತೆ ದಾಖಲಾಗುತ್ತದೆ. ಬದಲಿಗೆ ಒಪ್ಪಿದವರು ಬಾರದೇ ಹೋದರೆ ಗೈರುಹಾಜರಿ ಬೀಳುವುದು ರೋಸ್ಟರಿನಲ್ಲಿ ಹೆಸರಿದ್ದವರಿಗೇ. ಆದ್ದರಿಂದ ಅನುಮತಿ ಬಂದ ಮೇಲೆ ರೋಸ್ಟರಿನಲ್ಲೂ ತಿದ್ದುಪಡಿಯಾಗಿದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಬೇಕು. “ಆಯ್ತು” ಎಂಬ ಉತ್ತರ ಬರುವವರೆಗೆ ಹಳೆಯ ಶಿಫ್ಟೇ ಲೆಕ್ಕಕ್ಕೆ.